ಹಗಲುವೇಷದ ನಗೆ

ಹಗಲುವೇಷದವರು ಪೇಟೆ ಪೇಟೆ ಅಲೆಯುತ್ತಿದ್ದ ಕಾಲ. ಚನ್ನಗಿರಿಯ ಒಂದು ಅಡಿಕೆ ಮಂಡಿಯಲ್ಲಿ ಗಾದಿಯ ಮೇಲೆ ಯಜಮಾನರು ಕುಳಿತಿದ್ದರು. ಮೂಲೆಯಲ್ಲಿ ಗುಮಾಸ್ತ ಖಾತೆ ಬರೆಯುತ್ತಿದ್ದ. ಖಾಕಿ ತೊಟ್ಟವನೊಬ್ಬ ಒಳನುಗ್ಗಿ, ಲಾಠಿಯನ್ನು ನೆಲಕ್ಕೆ ಕುಟ್ಟಿ, “ರೋಕಡಿ ಪುಸ್ತಕ ತೆಗೀರಿ! ಇವತ್ತೇ ಅಂಗಡಿಗೆ ಬೀಗ!” ಎಂದು ಅಬ್ಬರಿಸಿದ. ಯಜಮಾನರ ಎದೆ ಧಸಕ್ಕೆಂದಿತು. ಮರುಕ್ಷಣವೇ ಅವರ ದೃಷ್ಟಿ ಅವನ ಮುಖದ ಬಣ್ಣದ ಮೇಲೆ, ಅಂಟಿಸಿದ ಮೀಸೆಯ ಮೇಲೆ ಬಿತ್ತು. ಅವರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಬಾಗಿಲಲ್ಲಿ ನೆರೆದವರೂ ನಕ್ಕರು. ಗುಮಾಸ್ತ ಮಾತ್ರ ನಗಲಿಲ್ಲ. ಹಿಂದಿನ ವಾರವಷ್ಟೇ ಅವನ ಅಣ್ಣನನ್ನು ಪೊಲೀಸರು ಮನೆಯಿಂದ ಕರೆದೊಯ್ದಿದ್ದರು. ಅವನ ಕೈ ನಡುಗಿ ಮಸಿಕುಡಿಕೆ ಉರುಳಿತು.

ಒಂದೇ ಕೋಣೆ, ಒಂದೇ ದೃಶ್ಯ. ಒಬ್ಬನಿಗೆ ನಗೆ, ಇನ್ನೊಬ್ಬನಿಗೆ ಸಂಕಟ. ಇದು ಏಕೆ?

ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಪೀಟರ್ ಮೆಗ್ರಾ ಮತ್ತು ಕೇಲೆಬ್ ವಾರನ್ ಎಂಬ ವಿದ್ವಾಂಸರು 2010ರಲ್ಲಿ ಇದಕ್ಕೊಂದು ಉತ್ತರ ಕೊಟ್ಟರು. ಭಾಷಾವಿಜ್ಞಾನಿ ಥಾಮಸ್ ವೀಚ್ 1998ರಲ್ಲಿಯೇ ಇದರ ಬೀಜವನ್ನು ಬಿತ್ತಿದ್ದರು. ಇದನ್ನು ‘ನಿರಪಾಯ ಉಲ್ಲಂಘನೆ’ಯ ಸಿದ್ಧಾಂತವೆನ್ನಬಹುದು. ನಗೆ ಹುಟ್ಟಲು ಮೂರು ಸಂಗತಿಗಳು ಕೂಡಬೇಕು. ಮೊದಲನೆಯದಾಗಿ, ಇರಬೇಕಾದ ಕ್ರಮವೊಂದು ಮುರಿದಂತೆ, ಬೆದರಿಕೆ ಬಂದಂತೆ ತೋರಬೇಕು. ಎರಡನೆಯದಾಗಿ, ಅದರಿಂದ ಅಪಾಯವಿಲ್ಲವೆಂಬ ಅರಿವಿರಬೇಕು. ಮೂರನೆಯದಾಗಿ, ಈ ಎರಡೂ ಮನಸ್ಸಿನಲ್ಲಿ ಏಕಕಾಲಕ್ಕೆ ನಿಲ್ಲಬೇಕು. ಬೆದರಿಕೆಯೇ ಇಲ್ಲದಿದ್ದರೆ ಬೇಸರ, ಅಭಯವಿಲ್ಲದಿದ್ದರೆ ಭಯ.

ಇದಕ್ಕೆ ಎಲ್ಲರ ಮನೆಯಲ್ಲೂ ಸಾಕ್ಷಿ ಇದೆ. ಅಜ್ಜ ಕಚಗುಳಿಯಿಟ್ಟರೆ ಮಗು ಕಿಲಕಿಲ ನಗುತ್ತದೆ. ಅಪರಿಚಿತನು ಹಾಗೆಯೇ ಬೆರಳಾಡಿಸಿದರೆ ಅಳುತ್ತದೆ. ತನಗೆ ತಾನೇ ಕಚಗುಳಿಯಿಟ್ಟುಕೊಂಡರೆ ನಗೆ ಬರುವುದೇ ಇಲ್ಲ. ಅಲ್ಲಿ ಅಭಯವಿದೆ, ಆಕ್ರಮಣವಿಲ್ಲ.

ಉಲ್ಲಂಘನೆಯು ನಿರಪಾಯವೆನಿಸುವುದಕ್ಕೆ ಆ ವಿದ್ವಾಂಸರು ಮೂರು ದಾರಿಗಳನ್ನು ಗುರುತಿಸಿದರು. ಅದೇ ಕೃತ್ಯವನ್ನು ಸರಿಯೆನ್ನುವ ಬೇರೊಂದು ನಿಯಮ ಕಾಣುವುದು ಮೊದಲನೆಯದು. ‘ಇವನು ಪೊಲೀಸನಲ್ಲ, ವೇಷಗಾರ, ಅಬ್ಬರಿಸುವುದೇ ಇವನ ವೃತ್ತಿ’ ಎಂದು ಯಜಮಾನರಿಗೆ ಹೊಳೆದದ್ದು ಇದೇ. ಮುರಿದ ನಿಯಮದ ಮೇಲೆ ನೋಡುವವನಿಗೆ ಹೆಚ್ಚು ನಿಷ್ಠೆ ಇಲ್ಲದಿರುವುದು ಎರಡನೆಯದು. ಇದಕ್ಕೆ ಅವರ ಒಂದು ಪ್ರಯೋಗವೇ ನಿದರ್ಶನ. ಸದಸ್ಯರನ್ನು ಸೆಳೆಯಲು ಚರ್ಚೊಂದು ದುಬಾರಿ ಕಾರನ್ನು ಲಾಟರಿಯಲ್ಲಿ ಕೊಟ್ಟಿತೆಂಬ ಕಥೆಯನ್ನು ಓದಲು ಕೊಟ್ಟರು. ಚರ್ಚಿಗೆ ಹೋಗದವರಲ್ಲಿ ಹೆಚ್ಚು ಮಂದಿಗೆ ಅದು ನಗೆ ತಂದಿತು. ಚರ್ಚಿಗೆ ಹೋಗುವವರಲ್ಲಿ ಕಡಿಮೆ ಮಂದಿಗೆ. ಬಸದಿಯ ವ್ಯವಹಾರದ ಬಗೆಗಿನ ಚಟಾಕಿಯೊಂದು ಸಭೆಯಲ್ಲಿ ಕೆಲವರನ್ನು ನಗಿಸಿ, ಕೆಲವರನ್ನು ನೋಯಿಸುವುದರ ಮರ್ಮವೂ ಇದೇ.

ಮೂರನೆಯದು ದೂರ. 2012ರ ಅಕ್ಟೋಬರಿನಲ್ಲಿ ಅಮೆರಿಕಕ್ಕೆ ಸ್ಯಾಂಡಿ ಎಂಬ ಚಂಡಮಾರುತ ಅಪ್ಪಳಿಸಿತು. ಅದರ ಬಗೆಗಿನ ಹಾಸ್ಯವನ್ನು ಜನರಿಗೆ ಬೇರೆ ಬೇರೆ ದಿನಗಳಲ್ಲಿ ತೋರಿಸಿ ನೋಡಿದರು. ಹಾನಿಯ ಪ್ರಮಾಣ ತಿಳಿದ ದಿನಗಳಲ್ಲಿ ಅದು ರುಚಿಸಲಿಲ್ಲ. ಸುಮಾರು 36 ದಿನಗಳ ಹೊತ್ತಿಗೆ ಅದು ಅತ್ಯಂತ ನಗೆ ತಂದಿತು. 99 ದಿನಗಳಾಗುವಷ್ಟರಲ್ಲಿ ಮತ್ತೆ ಸಪ್ಪೆಯಾಯಿತು. ಗಾಯ ಹಸಿಯಾಗಿದ್ದರೂ ನಗೆಯಿಲ್ಲ, ಪೂರ್ತಿ ಮರೆತರೂ ನಗೆಯಿಲ್ಲ.

ಈ ಸಿದ್ಧಾಂತಕ್ಕೂ ಮಿತಿಯುಂಟು. ಯಾವುದು ಎಷ್ಟು ನಿರಪಾಯವೆಂದು ಮೊದಲೇ ಅಳೆಯಲು ಇದು ತಕ್ಕಡಿ ಕೊಡುವುದಿಲ್ಲ. ನಿರಪಾಯವಾದ ಉಲ್ಲಂಘನೆಗಳೆಲ್ಲ ನಗೆ ತರುವುದೂ ಇಲ್ಲ. ಆದರೆ ಒಂದನ್ನು ಸ್ಪಷ್ಟಪಡಿಸುತ್ತದೆ: ಅಭಯವು ಮಾತಿನಲ್ಲಿಲ್ಲ, ಕೇಳುವವನ ಸ್ಥಿತಿಯಲ್ಲಿದೆ. ಯಜಮಾನರ ಬಳಿ ಇದ್ದ ಅಭಯ ಗುಮಾಸ್ತನ ಬಳಿ ಇರಲಿಲ್ಲ. “ತಮಾಷೆಗೆ ಅಂದೆ” ಎಂಬ ಸಮಜಾಯಿಷಿ ಆಡಿದವನ ಅಭಯವನ್ನಷ್ಟೇ ಹೇಳುತ್ತದೆ. ನಮ್ಮ ಶಾಸ್ತ್ರವು ಹಾಸ್ಯವನ್ನೂ ಭಯವನ್ನೂ ನೋಕಷಾಯಗಳ ಒಂದೇ ಪಟ್ಟಿಯಲ್ಲಿ ಎಣಿಸಿದೆ. ತತ್ತ್ವಾರ್ಥಸೂತ್ರವು ಸತ್ಯವ್ರತದ ಭಾವನೆಗಳಲ್ಲಿ ಹಾಸ್ಯತ್ಯಾಗವನ್ನೂ ಸೇರಿಸಿದೆ. ಅವೆರಡರ ನೆಂಟಸ್ತಿಕೆ ಅಂದು ಆ ಮಂಡಿಯಲ್ಲಿ ಕಣ್ಣಿಗೆ ಕಂಡಿತು.

ಅದನ್ನು ಮೊದಲು ಅರಿತವನು ವೇಷಗಾರನೇ. ಜನರೆಲ್ಲ ನಗುತ್ತಿರುವಾಗ ಅವನು ಗುಮಾಸ್ತನ ಮುಖ ನೋಡಿದ. ಲಾಠಿಯನ್ನು ಗೋಡೆಗೆ ಒರಗಿಸಿ, ಬಳಿಗೆ ಹೋಗಿ, ಮೀಸೆಯನ್ನು ಕಿತ್ತು ಅಂಗೈಯಲ್ಲಿಟ್ಟು ತೋರಿಸಿದ. “ವೇಷ ಕಣಣ್ಣ, ಹೆದರಬ್ಯಾಡ” ಎಂದ. ಗುಮಾಸ್ತ ತಲೆಯಾಡಿಸಿದನೇ ಹೊರತು ನಗಲಿಲ್ಲ. ಯಜಮಾನರು ತಮ್ಮ ನಗೆಯನ್ನು ಅಲ್ಲಿಗೇ ನಿಲ್ಲಿಸಿ, ಮಸಿ ಒರೆಸಲು ತಾವೇ ಬಟ್ಟೆ ಎತ್ತಿಕೊಂಡರು.

ವೇಷಗಾರ ಹೊನ್ನಾಳಿ, ನ್ಯಾಮತಿ, ಜಗಳೂರುಗಳನ್ನು ಸುತ್ತಿ ಮರುವರ್ಷ ಮತ್ತೆ ಬಂದ. ಅದೇ ಖಾಕಿ, ಅದೇ ಅಬ್ಬರ. ಅಷ್ಟರಲ್ಲಿ ಅಣ್ಣ ಮನೆಗೆ ಮರಳಿದ್ದ. ಈ ಸಲ ಮೊದಲು ನಕ್ಕವನು ಗುಮಾಸ್ತನೇ.