ಸಾವಿರದಲ್ಲಿ ಹದಿನಾರು ಮಂದಿ

ವೈದ್ಯಕೀಯ ಪ್ರಬಂಧವೊಂದರ ಸಾರವನ್ನು ರೋಗಿಗಳಿಗಾಗಿ ಒಂದು ಪುಟಕ್ಕೆ ಇಳಿಸಲು ಕೂತಾಗಲೆಲ್ಲ ನನ್ನೊಳಗೆ ಒಂದು ಆಸೆ ಇರುತ್ತದೆ: ಇದನ್ನು ಓದಿದವರು ಮಾತ್ರೆ ಬಿಡಬಾರದು. ಆಸೆ ಕೆಟ್ಟದ್ದಲ್ಲ. ಆದರೆ ಯಾವ ಅಂಕಿಯನ್ನು ಮುಂದೆ ಇಡಬೇಕು, ಯಾವುದನ್ನು ಹಿಂದೆ ಸರಿಸಬೇಕು ಎಂಬುದನ್ನು ನನಗಿಂತ ಮೊದಲೇ ಅದು ತೀರ್ಮಾನಿಸಿಬಿಡುತ್ತದೆ.

ಅಮೆರಿಕದಲ್ಲಿ ನಡೆದ ‘ಸ್ಪ್ರಿಂಟ್’ ಅಧ್ಯಯನವನ್ನೇ ನೋಡಿ. ಅದರ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಬಿಪಿ ಹೆಚ್ಚಿದ್ದ, 50 ದಾಟಿದ 9,361 ಜನರನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಬಿಪಿಯ ಮೇಲಿನ ಅಂಕಿ 140ಕ್ಕಿಂತ ಕೆಳಗಿದ್ದರೆ ಸಾಕು. ಇನ್ನೊಂದಕ್ಕೆ 120ಕ್ಕಿಂತ ಕೆಳಗೆ ಇಳಿಸುವುದು ಗುರಿ. ಎರಡನೆಯ ಗುಂಪಿನಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯ ವೈಫಲ್ಯದಂಥ ತೊಂದರೆಗಳು ಶೇ. 25ರಷ್ಟು ಕಡಿಮೆಯಾದವು.

ಈ ‘ಶೇ. 25’ನ್ನು ಮೊದಲ ಸಾಲಿನಲ್ಲೇ ಬರೆಯಲು ನನ್ನ ಕೈ ತುಡಿಯುತ್ತದೆ. ಅದು ಸುಳ್ಳಲ್ಲ. ಆದರೆ ಓದುವವರು ನೂರು ಜನರಲ್ಲಿ 25 ಜನ ಉಳಿದರು ಎಂದುಕೊಳ್ಳುತ್ತಾರೆ. ನಿಜದಲ್ಲಿ ಆದದ್ದು ಇಷ್ಟು: ಮೂರು ವರ್ಷಕ್ಕೂ ತುಸು ಹೆಚ್ಚು ಅವಧಿಯಲ್ಲಿ, 140ರ ಗುರಿಯವರಲ್ಲಿ ಸಾವಿರಕ್ಕೆ ಸುಮಾರು 68 ಜನ ತೊಂದರೆಗೆ ಸಿಕ್ಕರು, 120ರ ಗುರಿಯವರಲ್ಲಿ 52 ಜನ. ತಪ್ಪಿದ್ದು 16 ಮಂದಿಗೆ. ಸಾವುಗಳೂ ಸಾವಿರಕ್ಕೆ ಸುಮಾರು 12 ಕಡಿಮೆಯಾದವು.

ಅಡ್ಡಪರಿಣಾಮದ ಸರದಿ ಬಂದಾಗ ನನ್ನ ಮನಸ್ಸು ಇನ್ನೊಂದು ದಾರಿ ಹುಡುಕುತ್ತದೆ: ‘ಕೆಲವರಲ್ಲಿ ಮೂತ್ರಪಿಂಡದ ತೊಂದರೆ ಕಂಡುಬಂತು’ ಎಂದು ಮುಗಿಸಿಬಿಡೋಣ ಅನ್ನಿಸುತ್ತದೆ. ಲಾಭಕ್ಕೆ ಲೆಕ್ಕ, ಹಾನಿಗೆ ‘ಕೆಲವರು’. ಅದೇ ಸಾವಿರದ ಅಳತೆಯಲ್ಲಿ ಇಟ್ಟರೆ, ಮೂತ್ರಪಿಂಡಕ್ಕೆ ಹಠಾತ್ ಪೆಟ್ಟು ಬಿದ್ದವರು 25ರಿಂದ 41ಕ್ಕೆ ಏರಿದ್ದರು. ಅಲ್ಲೂ 16 ಮಂದಿ. ಎರಡೂ 16 ಆದರೂ ತೂಕ ಒಂದೇ ಅಲ್ಲ. ಮೂತ್ರಪಿಂಡದ ಪೆಟ್ಟಿನಿಂದ ಹೆಚ್ಚಿನವರು ಚೇತರಿಸಿಕೊಂಡರು. ಅದನ್ನೂ ಬರೆಯಬೇಕು. ತೂಗಿ ನೋಡುವುದು ರೋಗಿ ಮತ್ತು ಅವರ ಡಾಕ್ಟರಿಗೆ ಬಿಟ್ಟದ್ದು. ಎರಡೂ ತಟ್ಟೆಗಳನ್ನು ಕಾಣುವಂತೆ ಹಿಡಿಯುವುದಷ್ಟೇ ನನ್ನ ಕೆಲಸ.

ಜಾಗ ಸಾಲದೆಂಬ ನೆಪದಲ್ಲಿ ಬಿಟ್ಟುಬಿಡಬಹುದಾದ ಎರಡು ಸಂಗತಿಗಳಿವೆ. ಸಕ್ಕರೆ ಕಾಯಿಲೆ ಇದ್ದವರನ್ನೂ ಹಿಂದೆ ಪಾರ್ಶ್ವವಾಯು ಆಗಿದ್ದವರನ್ನೂ ಈ ಅಧ್ಯಯನಕ್ಕೆ ಸೇರಿಸಿಕೊಂಡಿರಲಿಲ್ಲ. ಬಿಪಿ ಅಳೆದದ್ದು ಐದು ನಿಮಿಷ ಸುಮ್ಮನೆ ಕೂರಿಸಿ, ಯಂತ್ರದಿಂದ, ಮೂರು ಸಲ ನೋಡಿ ಸರಾಸರಿ ತೆಗೆದು. ಮೆಟ್ಟಿಲು ಹತ್ತಿ ಬಂದವರಿಗೆ ಕೂಡಲೇ ಪಟ್ಟಿ ಸುತ್ತಿ ನೋಡುವ ಅಂಕಿ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚೇ ಇರುತ್ತದೆ. ಅದನ್ನು ನಂಬಿ 120ಕ್ಕೆ ಇಳಿಸಹೊರಟರೆ ಔಷಧಿ ಅಗತ್ಯಕ್ಕಿಂತ ಹೆಚ್ಚಾದೀತು. ಈ ಎರಡು ಸಾಲು ಬಿಟ್ಟರೆ ಪುಟ ಚೊಕ್ಕವಾಗುತ್ತದೆ, ಓದುವವರಿಗೆ ಮಾತ್ರ ಅದು ತಮ್ಮದೇ ಕಥೆ ಅನ್ನಿಸಿಬಿಡುತ್ತದೆ.

ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ‘ಅಪಾಯ ಶೇಕಡಾ ಇಷ್ಟು ಇಳಿಯಿತು’ ಎಂದು ನನ್ನಂಥವರು ಬರೆದರೆ ಕೇಳಿ: ಸಾವಿರದಲ್ಲಿ ಎಷ್ಟು ಜನರಿಂದ ಎಷ್ಟು ಜನಕ್ಕೆ? ಹಾನಿಯಾದವರೆಷ್ಟು? ನನ್ನಂಥ ರೋಗಿಗಳು ಆ ಅಧ್ಯಯನದಲ್ಲಿ ಇದ್ದರೇ?