ಮೂರು ಮಾತ್ರೆ ನಾಲ್ಕಾದ ಲೆಕ್ಕ

ಪ್ರೀತಿಯ ಗೆಳತಿಗೆ,

ನಿಮ್ಮ ಪತ್ರ ಸೋಮವಾರ ಬಂತು. ಎರಡು ಸಲ ಓದಿದೆ. ಮೊದಲ ಸಲ ನಗು ಬಂತು, ಎರಡನೇ ಸಲ ಓದುವಾಗ ನಿಮ್ಮ ಪ್ರಶ್ನೆ ಎಷ್ಟು ಸರಿಯಾಗಿದೆ ಅನಿಸಿತು. “ತಮ್ಮನಿಗೆ ಕೆಮ್ಮು ನಿಂತಿದೆ, ಜ್ವರ ಇಲ್ಲ, ಕಫದಲ್ಲಿ ಟಿ.ಬಿ. ಇಲ್ಲ ಅಂತ ಬಂದಿದೆ. ಊಟ ಸೇರುತ್ತಿದೆ. ಇಷ್ಟೆಲ್ಲ ಗುಣವಾದ ಮೇಲೆ ಮಾತ್ರೆ ಕಡಿಮೆ ಮಾಡುವುದು ಬಿಟ್ಟು ದಿನಕ್ಕೆ ಮೂರಿದ್ದದ್ದನ್ನು ನಾಲ್ಕು ಮಾಡಿದ್ದಾರೆ. ಇನ್ನೂ ನಾಲ್ಕು ತಿಂಗಳು ಅಂತೆ. ಇದೇನು ಲೆಕ್ಕ?” ಎಂದು ಕೇಳಿದ್ದೀರಿ.

ನಾನು ಡಾಕ್ಟರಲ್ಲ, ನಿಮಗೆ ಗೊತ್ತು. ತಾಲ್ಲೂಕಿನ ಟಿ.ಬಿ. ವಿಭಾಗದಲ್ಲಿ ಮೇಲ್ವಿಚಾರಕನಾಗಿ ಬೈಕಿನಲ್ಲಿ ಹಳ್ಳಿ ಹಳ್ಳಿ ತಿರುಗಿದವನು. ಆದರೆ ಈ ಲೆಕ್ಕವನ್ನು ಎಷ್ಟೋ ಜಗಲಿಗಳ ಮೇಲೆ ಕೂತು ಹೇಳಿದ್ದೇನೆ, ನಿಮಗೂ ಹೇಳುತ್ತೇನೆ.

ಮೊದಲು ಆ ನಾಲ್ಕನೇ ಮಾತ್ರೆಯ ವಿಷಯ. ಚಿಕಿತ್ಸೆ ಶುರುವಾದಾಗ ತಮ್ಮ 46 ಕೆ.ಜಿ. ಇದ್ದರು, ಈಗ 52 ಎಂದು ಬರೆದಿದ್ದೀರಿ. ಉತ್ತರ ಅಲ್ಲೇ ಇದೆ. ನಮ್ಮಲ್ಲಿ ದೊಡ್ಡವರಿಗೆ ಮಾತ್ರೆ ಕೊಡುವುದು ತೂಕ ನೋಡಿ. 35ರಿಂದ 49 ಕೆ.ಜಿ.ವರೆಗೆ ಮೂರು, 50ರಿಂದ 64ರವರೆಗೆ ನಾಲ್ಕು. ಒಂದೊಂದು ಮಾತ್ರೆಯಲ್ಲೂ ಔಷಧಿಗಳನ್ನು ಅಳತೆ ಮಾಡಿ ಒಟ್ಟಿಗೆ ಒತ್ತಿರುತ್ತಾರೆ. ಮೊದಲ ಎರಡು ತಿಂಗಳು ಅವರು ನುಂಗಿದ ಮಾತ್ರೆಯಲ್ಲಿ ರಿಫಾಂಪಿಸಿನ್ 150 ಮಿ.ಗ್ರಾಂ, ಐಸೋನಿಯಾಜಿಡ್ 75, ಪೈರಜಿನಮೈಡ್ 400, ಇಥಾಂಬುಟಾಲ್ 275 ಇದ್ದವು. ಈಗಿನ ಮಾತ್ರೆಯಲ್ಲಿ ಪೈರಜಿನಮೈಡ್ ಇಲ್ಲ, ಉಳಿದ ಮೂರು ಅಷ್ಟಷ್ಟೇ ಇವೆ. ಅಂದರೆ ಔಷಧಿ ನಾಲ್ಕಿದ್ದದ್ದು ಮೂರಾಗಿದೆ, ಮಾತ್ರೆ ಮೂರಿದ್ದದ್ದು ನಾಲ್ಕಾಗಿದೆ. ಗೊಂದಲವಾಗುವುದು ಸಹಜ.

ರಿಫಾಂಪಿಸಿನ್ ಒಂದನ್ನೇ ಹಿಡಿದು ನೋಡಿ. ಕೆ.ಜಿ.ಗೆ ಸುಮಾರು 10 ಮಿ.ಗ್ರಾಂ ಬೀಳಬೇಕು. 46 ಕೆ.ಜಿ.ಯ ದೇಹಕ್ಕೆ ಮೂರು ಮಾತ್ರೆಯ 450 ಮಿ.ಗ್ರಾಂ ಹೆಚ್ಚುಕಡಿಮೆ ಸರಿಯಾಗಿ ಕೂರುತ್ತದೆ. 52 ಕೆ.ಜಿ.ಯ ದೇಹಕ್ಕೆ ಅದೇ 450 ಕೊಟ್ಟರೆ ಕೆ.ಜಿ.ಗೆ 9 ಕೂಡ ಬೀಳುವುದಿಲ್ಲ. ಆರು ಕೆ.ಜಿ. ಏರಿ ತೂಕದ ಗೆರೆ ದಾಟಿದ್ದಾರೆ, ಮಾತ್ರೆಯೂ ಜೊತೆಗೆ ಏರಿದೆ. ನಿಮ್ಮ ಕೈಯಡುಗೆಯೇ ಅವರಿಗೆ ಒಂದು ಮಾತ್ರೆ ಜಾಸ್ತಿ ಮಾಡಿದೆ ಅಂದುಕೊಳ್ಳಿ. ಪ್ರತಿ ತಿಂಗಳು ತೂಕ ನೋಡಿಸಬೇಕು ಅನ್ನುವುದೂ ಇದಕ್ಕೇ.

ಆ ನಾಲ್ಕನ್ನೂ ಒಂದೇ ಸಲಕ್ಕೆ ನುಂಗಬೇಕು. ಬೆಳಿಗ್ಗೆ ಎರಡು, ರಾತ್ರಿ ಎರಡು ಎಂದು ಹಂಚಿಕೊಂಡರೆ ರಕ್ತದಲ್ಲಿ ಔಷಧಿ ಏರಬೇಕಾದ ಮಟ್ಟಕ್ಕೆ ಏರುವುದೇ ಇಲ್ಲ. ಖಾಲಿ ಹೊಟ್ಟೆಯಲ್ಲಿ ಒಳ್ಳೆಯದು. ಓಕರಿಕೆ ತಡೆಯಲಾಗದಿದ್ದರೆ ಒಂದು ಇಡ್ಲಿ ತಿಂದು ನುಂಗಲಿ, ವಾಂತಿಯಾಗಿ ಹೋಗುವುದಕ್ಕಿಂತ ಅದು ಮೇಲು.

ಈಗ ದೊಡ್ಡ ಪ್ರಶ್ನೆ. ಕಫದಲ್ಲಿ ಇಲ್ಲ ಅಂದ ಮೇಲೆ ಇನ್ನೂ ನಾಲ್ಕು ತಿಂಗಳು ಏಕೆ?

“ಇಲ್ಲ” ಅನ್ನುವ ಆ ಮಾತನ್ನೇ ಸ್ವಲ್ಪ ಅನುಮಾನದಿಂದ ನೋಡಬೇಕು. ಸೂಕ್ಷ್ಮದರ್ಶಕದ ಕೆಳಗೆ ಟಿ.ಬಿ. ಕ್ರಿಮಿ ಕಣ್ಣಿಗೆ ಬೀಳಬೇಕಾದರೆ ಒಂದು ಮಿ.ಲೀ. ಕಫದಲ್ಲಿ ಐದರಿಂದ ಹತ್ತು ಸಾವಿರದಷ್ಟಾದರೂ ಇರಬೇಕು. ಐನೂರಿದ್ದರೆ ಎಷ್ಟು ಚೆನ್ನಾಗಿ ನೋಡುವವರಿಗೂ ಕಾಣುವುದು ಕಷ್ಟ, ರಿಪೋರ್ಟು “ಇಲ್ಲ” ಎಂದೇ ಬರುತ್ತದೆ. ಆ ರಿಪೋರ್ಟು ಸುಳ್ಳಲ್ಲ. ಔಷಧಿ ನಾಟುತ್ತಿದೆ, ತಮ್ಮನಿಂದ ಮನೆಯವರಿಗೆ ಹರಡುವ ಭಯ ತುಂಬ ಇಳಿದಿದೆ ಎಂದು ಅದು ಹೇಳುತ್ತದೆ. ಕ್ರಿಮಿ ಖಾಲಿಯಾಯಿತು ಎಂದು ಮಾತ್ರ ಹೇಳುವುದಿಲ್ಲ.

ನಿಮ್ಮ ಹೊಲದಲ್ಲಿ ಜೇಕು ಇದೆಯಲ್ಲ, ಅದನ್ನು ನೆನಪು ಮಾಡಿಕೊಳ್ಳಿ. ಕಳೆ ತೆಗೆದ ದಿನ ಹೊಲ ಹಸನಾಗಿ ಕಾಣುತ್ತದೆ. ಮಣ್ಣಿನೊಳಗೆ ಗಡ್ಡೆ ಇರುತ್ತದೆ. ಮಳೆ ಬಿದ್ದಾಗ ಒಂದಷ್ಟು ಚಿಗುರುತ್ತವೆ, ಇನ್ನೊಂದಷ್ಟು ಮುಂದಿನ ಮಳೆಗೆ ಕಾಯುತ್ತವೆ. ಟಿ.ಬಿ. ಕ್ರಿಮಿಯೂ ಹಾಗೆಯೇ. ನಮ್ಮ ಹೊಟ್ಟೆಯ ಮಾಮೂಲಿ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕರೆ ಇಪ್ಪತ್ತು ನಿಮಿಷಕ್ಕೆ ಒಂದು ಎರಡಾಗುತ್ತದೆ. ಇದಕ್ಕೆ ಹದಿನೈದು ಇಪ್ಪತ್ತು ಗಂಟೆ ಬೇಕು, ಕೆಲವು ವಾರಗಟ್ಟಲೆ ಏನೂ ಮಾಡದೆ ಮಲಗಿರುತ್ತವೆ. ಚುರುಕಾಗಿ ಬೆಳೆಯುತ್ತಿರುವವನ್ನು ಐಸೋನಿಯಾಜಿಡ್ ಮೊದಲ ಕೆಲವೇ ದಿನಗಳಲ್ಲಿ ಬಹುಪಾಲು ಮುಗಿಸುತ್ತದೆ. ಹುಳಿಯಾದ ಜಾಗಗಳಲ್ಲಿ ಅಡಗಿರುವವುಗಳ ಮೇಲೆ ಪೈರಜಿನಮೈಡ್ ಕೆಲಸ ಮಾಡುತ್ತದೆ, ಆ ಕೆಲಸ ಎರಡು ತಿಂಗಳಲ್ಲಿ ಮುಗಿಯುತ್ತದೆ. ಮಲಗಿದ್ದು ಯಾವಾಗಲೋ ಒಮ್ಮೆ ಎದ್ದು ಮತ್ತೆ ಮಲಗುವವು ಉಳಿಯುತ್ತವೆ. ಅವು ಏಳುವ ಆ ಸ್ವಲ್ಪ ಹೊತ್ತಿನಲ್ಲಿ ರಿಫಾಂಪಿಸಿನ್ ರಕ್ತದಲ್ಲಿ ಇರಬೇಕು. ಯಾವತ್ತು ಏಳುತ್ತವೆ ಎಂದು ಯಾರಿಗೂ ಹೇಳಿ ಏಳುವುದಿಲ್ಲವಲ್ಲ, ಅದಕ್ಕೇ ದಿನವೂ.

ಆರು ತಿಂಗಳು ಅನ್ನುವುದು ಯಾರೋ ಕುಳಿತಲ್ಲಿ ಬರೆದದ್ದಲ್ಲ. ರಿಫಾಂಪಿಸಿನ್ ಬರುವ ಮೊದಲು ಒಂದು, ಒಂದೂವರೆ ವರ್ಷ ನುಂಗಬೇಕಿತ್ತು. 1970ರ ದಶಕದಲ್ಲಿ ಪೂರ್ವ ಆಫ್ರಿಕಾದಲ್ಲಿ ನಡೆದ ಪ್ರಯೋಗಗಳು ಅದನ್ನು ಆರಕ್ಕೆ ಇಳಿಸುವ ದಾರಿ ತೋರಿಸಿದವು. ಇನ್ನೂ ಇಳಿಸಿ ನಾಲ್ಕು ತಿಂಗಳು ಮಾಡಲು ಹೊಸದೊಂದು ಔಷಧಿ ಸೇರಿಸಿ ದೊಡ್ಡ ಪ್ರಯೋಗಗಳನ್ನು ನಡೆಸಿದರು, 2014ರಲ್ಲಿ ಫಲಿತಾಂಶ ಬಂತು. ಬಹಳಷ್ಟು ಜನ ನಾಲ್ಕೇ ತಿಂಗಳಲ್ಲಿ ಗುಣವಾಗಿದ್ದರು. ಆದರೆ ಆರು ತಿಂಗಳು ನುಂಗಿದವರಿಗಿಂತ ಹೆಚ್ಚು ಜನರಿಗೆ ಕಾಯಿಲೆ ಮರಳಿತ್ತು. ನಿಮ್ಮ ತಮ್ಮ ಯಾವ ಗುಂಪಿನವರು ಎಂದು ಇವತ್ತು ಪಕ್ಕಾ ಹೇಳುವ ಪರೀಕ್ಷೆ ಇಲ್ಲ. (2021ರಲ್ಲಿ ಬೇರೊಂದು ನಾಲ್ಕು ತಿಂಗಳ ಜೋಡಣೆ ಗೆದ್ದಿದೆ. ಅದರಲ್ಲಿ ಕೆಲವು ಔಷಧಿಗಳೇ ಬೇರೆ. ಇದೇ ಮಾತ್ರೆಯನ್ನು ನಾಲ್ಕು ತಿಂಗಳಿಗೆ ನಿಲ್ಲಿಸಬಹುದು ಎಂದು ಅದರ ಅರ್ಥವಲ್ಲ.)

ಒಂದೇ ಮಾತ್ರೆಯಲ್ಲಿ ಏಕೆ ಎಲ್ಲವನ್ನೂ ತುಂಬಿದ್ದಾರೆ ಎಂದು ಕೊನೆಯಲ್ಲಿ ಸಣ್ಣದಾಗಿ ಕೇಳಿದ್ದೀರಿ. ಅದಕ್ಕೆ ನನ್ನ ಹತ್ತಿರ ಒಂದು ಹಳೆಯ ಕಥೆ ಇದೆ.

2017ರ ಮೊದಲು ನಮ್ಮಲ್ಲಿ ಮಾತ್ರೆ ದಿನಬಿಟ್ಟು ದಿನ, ವಾರಕ್ಕೆ ಮೂರು ಸಲ. ಎಲ್ಲ ಬಿಡಿ ಬಿಡಿ. ಮೊದಲ ಎರಡು ತಿಂಗಳು ಒಂದು ಸಲಕ್ಕೆ ಏಳು, ಆಮೇಲೆ ಐಸೋನಿಯಾಜಿಡ್ ಮಾತ್ರೆ ಎರಡು, ರಿಫಾಂಪಿಸಿನ್‌ನ ಕೆಂಪು ಕ್ಯಾಪ್ಸೂಲ್ ಒಂದು. ಆ ಹಂತದಲ್ಲಿ ವಾರದ ಮೊದಲ ಡೋಸು ನಮ್ಮೆದುರು, ಉಳಿದೆರಡು ಮನೆಯಲ್ಲಿ. ಒಬ್ಬ ಅಕ್ಕಿ ಗಿರಣಿಯ ಹಮಾಲಿ ಖಾಲಿ ಪೊಟ್ಟಣಗಳನ್ನು ತಪ್ಪದೆ ತಂದು ತೋರಿಸುತ್ತಿದ್ದ. ನಾನು ಖುಷಿಯಿಂದ ಕಾರ್ಡಿನಲ್ಲಿ ಗುರುತು ಹಾಕುತ್ತಿದ್ದೆ. ಚಿಕಿತ್ಸೆ ಮುಗಿದು ವರ್ಷ ತುಂಬುವುದರೊಳಗೆ ಮತ್ತೆ ಕೆಮ್ಮಿಕೊಂಡು ಬಂದ. ಜಗಲಿಯ ಮೇಲೆ ಕೂತು ಕೇಳಿದಾಗ ಅವನ ಹೆಂಡತಿ ಹೇಳಿದ್ದು: “ಆ ಕೆಂಪು ಗುಳಿಗೆ ನುಂಗಿದರೆ ಉಚ್ಚೆ ರಕ್ತದಂಗೆ ಹೋಗ್ತಿತ್ತು ಸಾ. ಅದನ್ನ ಹಿತ್ತಲಿಗೆ ಎಸೆದು, ಬಿಳೇವು ಮಾತ್ರ ನುಂಗ್ತಿದ್ರು.” ಲ್ಯಾಬಿನ ರಿಪೋರ್ಟು ಬಂದಾಗ ಅವನ ಕ್ರಿಮಿಗೆ ಐಸೋನಿಯಾಜಿಡ್ ನಾಟುತ್ತಿರಲಿಲ್ಲ. ಕೆಂಪು ಉಚ್ಚೆಯ ವಿಷಯ ಮೊದಲೇ ಹೇಳಬೇಕಾದವನು ನಾನು, ಹೇಳಿರಲಿಲ್ಲ.

ಇದು ಆಗುವುದು ಹೇಗೆ ಅಂದರೆ, ಶ್ವಾಸಕೋಶದ ಒಂದು ಕುಳಿಯಲ್ಲಿ ಹತ್ತು ಕೋಟಿ ಕ್ರಿಮಿ ಇವೆ ಅಂದುಕೊಳ್ಳಿ, ಅಷ್ಟಿರುವುದು ಅಪರೂಪವಲ್ಲ. ಸುಮಾರು ಹತ್ತು ಲಕ್ಷಕ್ಕೊಂದು ಕ್ರಿಮಿ ಹುಟ್ಟಾ ಐಸೋನಿಯಾಜಿಡ್‌ಗೆ ಬಗ್ಗುವುದಿಲ್ಲ. ಮಾತ್ರೆ ಮುಟ್ಟುವ ಮೊದಲೇ ಅಂಥವು ಅಲ್ಲಿ ನೂರು ಇದ್ದವು ಎಂದಾಯಿತು. ಐಸೋನಿಯಾಜಿಡ್ ಒಂದನ್ನೇ ನುಂಗಿದರೆ ಉಳಿದ ಕ್ರಿಮಿಗಳು ಸತ್ತು ಆ ನೂರಕ್ಕೆ ಜಾಗ ಸಿಗುತ್ತದೆ. ರಿಫಾಂಪಿಸಿನ್‌ಗೆ ಬಗ್ಗದವು ಇನ್ನೂ ಅಪರೂಪ, ಸುಮಾರು ಹತ್ತು ಕೋಟಿಗೊಂದು. ಎರಡಕ್ಕೂ ಒಟ್ಟಿಗೆ ಬಗ್ಗದ ಕ್ರಿಮಿ ಬೇಕೆಂದರೆ ಒಂದರ ಮುಂದೆ ಹದಿನಾಲ್ಕು ಸೊನ್ನೆ ಬರೆದಷ್ಟು ಕ್ರಿಮಿ ಬೇಕು, ಅಷ್ಟು ಯಾರ ಎದೆಯಲ್ಲೂ ಇರುವುದಿಲ್ಲ. ಎಲ್ಲವನ್ನೂ ಒಂದೇ ಮಾತ್ರೆಯಲ್ಲಿ ಸೇರಿಸಿದ ಮೇಲೆ ಕೆಂಪನ್ನು ಆರಿಸಿ ಎಸೆಯಲು ಬರುವುದಿಲ್ಲ. ನುಂಗಿದರೆ ಎಲ್ಲವೂ, ಬಿಟ್ಟರೆ ಎಲ್ಲವೂ.

ಇದಕ್ಕೊಂದು ತೊಡಕೂ ಇದೆ. ಯಾವುದೋ ಒಂದು ಔಷಧಿ ಒಗ್ಗದಿದ್ದರೆ ಅದೊಂದನ್ನೇ ತೆಗೆಯಲಾಗದು. ಆಗ ಡಾಕ್ಟರು ಎಲ್ಲವನ್ನೂ ನಿಲ್ಲಿಸಿ, ಬಿಡಿ ಮಾತ್ರೆಗಳನ್ನು ಒಂದೊಂದಾಗಿ ಮತ್ತೆ ಶುರುಮಾಡಿ, ಯಾವುದು ತೊಂದರೆ ಕೊಟ್ಟಿತು ಎಂದು ಪತ್ತೆಹಚ್ಚುತ್ತಾರೆ. ಅದು ಅವರ ಕೆಲಸ, ಮನೆಯಲ್ಲಿ ಮಾಡುವಂಥದ್ದಲ್ಲ.

ಉಚ್ಚೆ, ಬೆವರು, ಕಣ್ಣೀರು ಕಿತ್ತಳೆ ಬಣ್ಣಕ್ಕೆ ತಿರುಗುವುದು ರಿಫಾಂಪಿಸಿನ್‌ನ ಬಣ್ಣ ಅಷ್ಟೇ, ಅದರಿಂದ ಕೇಡಿಲ್ಲ. ಮೊದಲ ಎರಡು ತಿಂಗಳಲ್ಲಿ ಇದ್ದ ಮಂಡಿ ನೋವು ಈಗ ಇಳಿದಿದೆ ಎಂದಿದ್ದೀರಿ, ಅದು ಬಹುಶಃ ಪೈರಜಿನಮೈಡ್‌ನದು, ಅದು ನಿಂತಿತು, ನೋವೂ ಹೋಯಿತು. ಪಾದ ಉರಿ ಬಂದರೆ ಐಸೋನಿಯಾಜಿಡ್ ಕಾರಣ ಇರಬಹುದು. ಬಿ6 ವಿಟಮಿನ್ ಮಾತ್ರೆ ಕೊಟ್ಟಿದ್ದಾರಾ ಕೇಳಿ.

ನೀವು ಕಣ್ಣಿಟ್ಟು ನೋಡಬೇಕಾದವು ಎರಡೇ. ಊಟ ಕಂಡರಾಗದೆ ವಾಂತಿ ಹಿಡಿದುಕೊಂಡರೆ, ಕಣ್ಣಿನ ಬಿಳಿ ಹಳದಿಯಾದರೆ, ಅದು ಪಿತ್ತಜನಕಾಂಗಕ್ಕೆ ಬಿದ್ದ ಪೆಟ್ಟು. ಮರುದಿನದ ಡೋಸು ನುಂಗುವ ಮೊದಲೇ ಆಸ್ಪತ್ರೆಗೆ ಹೋಗಬೇಕು. ಉಚ್ಚೆಯ ಬಣ್ಣ ನೋಡಿ ಕಾಮಾಲೆ ಗುರುತಿಸಲು ಈಗ ಆಗದು, ಅದು ಹೇಗೂ ಕಿತ್ತಳೆಯೇ. ಬೆಳಕಿನಲ್ಲಿ ನಿಲ್ಲಿಸಿ ಕಣ್ಣನ್ನೇ ನೋಡಿ. ಅವರು ಕುಡಿಯುವ ಅಭ್ಯಾಸ ಬಿಟ್ಟಿಲ್ಲವಾದರೆ ಈ ಅಪಾಯ ಹೆಚ್ಚು, ಅದನ್ನು ನೀವೇ ಅಕ್ಕನಾಗಿ ಕೇಳಬೇಕು.

ಎರಡನೆಯದು ದೃಷ್ಟಿ. ಇಥಾಂಬುಟಾಲ್ ಅಪರೂಪಕ್ಕೆ ಕಣ್ಣಿನ ನರಕ್ಕೆ ತೊಂದರೆ ಕೊಡುತ್ತದೆ, ಮೊದಲು ಕೆಂಪು ಹಸಿರಿನ ವ್ಯತ್ಯಾಸ ಮಸುಕಾಗುತ್ತದೆ. ಬೆಳಿಗ್ಗೆ ಮಾತ್ರೆಗೆ ಮುಂಚೆ ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು ಮುಚ್ಚಿ, ಗೋಡೆಯ ಕ್ಯಾಲೆಂಡರ್ ನೋಡಲು ಹೇಳಿ. ಭಾನುವಾರದ ಕೆಂಪು ಅಂಕಿಗಳು ಕಂದಾಗಿ ಕಂಡರೆ, ಅಕ್ಷರ ಮಂಜಾದರೆ, ಅವತ್ತೇ ಮಾತ್ರೆ ನಿಲ್ಲಿಸಿ ತೋರಿಸಿ. ಬೇಗ ನಿಲ್ಲಿಸಿದರೆ ಸಾಮಾನ್ಯವಾಗಿ ದೃಷ್ಟಿ ಮರಳುತ್ತದೆ.

ಇನ್ನು ನಿಮ್ಮ ಲೆಕ್ಕದ ಪುಸ್ತಕಕ್ಕೆ. ಮುಗಿದದ್ದು 56 ಡೋಸು, ಉಳಿದದ್ದು 112. ದಿನಕ್ಕೆ ನಾಲ್ಕರಂತೆ 448 ಮಾತ್ರೆ. 28ರ ಒಂದು ಸ್ಟ್ರಿಪ್ಪು ಸರಿಯಾಗಿ ಒಂದು ವಾರ, ಹಾಗಾಗಿ ಹದಿನಾರು ಸ್ಟ್ರಿಪ್ಪು. ಯಾವತ್ತಾದರೂ ಮರೆತರೆ ಮರುದಿನ ಎಂಟು ನುಂಗುವುದು ಬೇಡ, ತಪ್ಪಿದ ಡೋಸನ್ನು ಕೊನೆಗೆ ಸೇರಿಸುತ್ತಾರೆ, ಆಶಾ ಕಾರ್ಯಕರ್ತೆಗೆ ಮುಚ್ಚಿಡದೆ ಹೇಳಿ. ಮಾತ್ರೆಗಳನ್ನು ಬಿಡಿಸಿ ಡಬ್ಬಿಗೆ ತುಂಬಬೇಡಿ, ತೇವಕ್ಕೆ ಕೆಡುತ್ತವೆ. ಖಾಲಿ ಸ್ಟ್ರಿಪ್ಪನ್ನು ಕ್ಯಾಲೆಂಡರ್ ಮೊಳೆಗೇ ಸಿಕ್ಕಿಸಿಡಿ. ನಾನು ಈ ಸಲ ರಾಗಿ ಕಣದ ಹೊತ್ತಿಗೆ ಆ ಕಡೆ ಬರುವವನಿದ್ದೇನೆ, ಬಂದಾಗ ಎಣಿಸುತ್ತೇನೆ. ಹಮಾಲಿಯ ಕಥೆ ಆದ ಮೇಲೆ ಖಾಲಿ ಪೊಟ್ಟಣವನ್ನಷ್ಟೇ ನೋಡಿ ನಂಬುವವನಲ್ಲ ನಾನು ಎಂದು ತಮ್ಮನಿಗೆ ಈಗಲೇ ಹೇಳಿಬಿಡಿ. ನಿಮ್ಮ ಕೈಯ ಹುರುಳಿ ಸಾರಿಗೂ ಒಂದು ಜಾಗ ಇಟ್ಟುಕೊಂಡು ಬರುತ್ತೇನೆ.

ಇಂತಿ,
ನಿಮ್ಮ ಹಳೆಯ ಬೈಕಿನ ಗೆಳೆಯ