ಮೂರು ಎಣಿಸುವಷ್ಟು ಮೌನ

ನಮ್ಮ ಭಾನುವಾರದ ಕನ್ನಡ ತರಗತಿಯ ಶಿಕ್ಷಕರಿಗಾಗಿ ನಡೆದ ಕಾರ್ಯಾಗಾರದ ಧ್ವನಿಮುದ್ರಣವನ್ನು ಕೇಳಿ ನಾವು ಒಂದೇ ವಿಧಾನವನ್ನು ಬರೆದುಕೊಂಡೆವು: ಪ್ರಶ್ನೆಯ ಬಳಿಕ ಮೂರು ಸೆಕೆಂಡು ಸುಮ್ಮನಿರುವುದು. ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆಂದು ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಹೊರಗೆಲ್ಲ ಹಿಂದಿಯಾಡುವ ಮಗುವಿಗೆ ಕನ್ನಡದ ಪದ ಹುಡುಕಲು ಅಷ್ಟು ಸಾಲದು; ನಾವೇ ಉತ್ತರ ಹೇಳಿಬಿಟ್ಟರೆ ಮುಂದಿನ ಸಲ ಅದು ಬಾಯಿಯನ್ನೇ ತೆರೆಯದು.

"ಮಳೆ ಬಂದಾಗ ನಿಮ್ಮ ಬೀದಿ ಹೇಗಿರುತ್ತದೆ?" ಎಂದು ಎಲ್ಲರನ್ನೂ ಕೇಳಿ, ಮನಸ್ಸಿನಲ್ಲೇ ಮೂರು ಎಣಿಸಿ, ಅನಂತರ ಹೆಸರು ಕರೆಯಬೇಕು. ಮೊದಲೇ ಕರೆದರೆ ಉಳಿದವರು ಯೋಚಿಸುವುದಿಲ್ಲ. "ನೀರು" ಎಂಬ ಉತ್ತರ ಬಂದರೆ ಒಡನೆ ಹೊಗಳದೆ ಮತ್ತೆ ಮೂರೆಣಿಸಬೇಕು. "ನೀರು ನಿಲ್ಲುತ್ತದೆ, ಆಟೋ ಬರುವುದಿಲ್ಲ" ಎಂದು ಮಾತು ಬೆಳೆಯುವುದುಂಟು. ನಡುವೆ ಪ್ರಶ್ನೆಯನ್ನು ಪುನಃ ಹೇಳಿದರೆ ಮಗುವಿನ ಯೋಚನೆ ತುಂಡಾಗುತ್ತದೆ. ಮಗ್ಗಿ ಕೇಳುವಾಗ ಈ ಕಾಯುವಿಕೆಯಿಂದ ಹೆಚ್ಚಿನ ಪ್ರಯೋಜನವಿಲ್ಲ.